ಅಕ್ಕನ ಉಸಿರಿಗಾಗಿ ಹುಲ್ಲು ಕಟ್ಟಿದ ಭಾವ

ನಮ್ಮ ಭಾವನಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಬಸ್ಸಿಗೆ ಕಾಯುತ್ತ ನಿಂತವರು ಬೇಸತ್ತು ಮುಂದಿನ ನಿಲ್ದಾಣದ ಕಡೆ ನಡೆಯತೊಡಗುತ್ತಾರೆ. ಬಸ್ಸು ನಡುದಾರಿಯಲ್ಲಿ ಅವರನ್ನು ದಾಟಿಕೊಂಡು ಹೋಗುತ್ತದೆ. ಅಕ್ಕನನ್ನು ಕೇಳಲು ಬಂದ ದಿನ, ಅಪ್ಪ ಉತ್ತರ ಕೊಡಲು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗಲೇ, "ಹಾಗಾದ್ರೆ ಮದುವೆ ಯಾವಾಗ ಇಟ್ಕೊಳ್ಳೋಣ?" ಎಂದ ಮನುಷ್ಯ ಅವರು. ಒಳಕೋಣೆಯಲ್ಲಿ ಅಕ್ಕ ಕಿಸಕ್ಕನೆ ನಕ್ಕಳು. ಅಪ್ಪನ ಉತ್ತರ ಆಮೇಲೆ ಯಾರಿಗೂ ಬೇಕಾಗಲಿಲ್ಲ.

ನಾನು ಆ ಅಕ್ಕನ ತಂಗಿ. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಾಲಿಗೆ ಸ್ವಲ್ಪ ಚುರುಕು ಅನ್ನುವ ಕಾರಣಕ್ಕೆ ಭಾವ ನನ್ನನ್ನು ಮೆಣಸಿನಕಾಯಿ ಎಂದೇ ಕರೆಯುತ್ತಾರೆ. ಈ ಹೆಸರು ನನಗೆ ಹಿಡಿಸುವುದಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವರು ಬೇರೆ ಹೆಸರಿನಿಂದ ಕರೆದರೆ ನಾನು ತಿರುಗಿಯೂ ನೋಡುವುದಿಲ್ಲ, ಅದು ಬೇರೆ ಮಾತು.

ಭಾವನ ಬದುಕನ್ನು ಹೇಳಬೇಕೆಂದರೆ ಹುಲ್ಲಿನಿಂದಲೇ ಶುರು ಮಾಡಬೇಕು. ಮೊದಲೆಲ್ಲ ಊರಿನಲ್ಲಿ ದನಗಳಿದ್ದವು, ಹುಲ್ಲು ತಿನ್ನುವ ಬಾಯಿಗಳಿದ್ದವು. ಕುಡುಗೋಲಿನಿಂದ ಕೊಯ್ದು, ಹೊರೆ ಕಟ್ಟಿ, ಬಣವೆ ಹಾಕುತ್ತಿದ್ದರು. ಆಮೇಲೆ ಕಟಾವು ಯಂತ್ರ ಬಂತು. ಅದು ಭತ್ತವನ್ನು ಹೊಟ್ಟೆಗೆ ಹಾಕಿಕೊಂಡು ಹುಲ್ಲನ್ನು ಹಿಂದಿನಿಂದ ಸಾಲುಸಾಲಾಗಿ ಉದುರಿಸಿಕೊಂಡು ಹೋಗುತ್ತದೆ. ಅಷ್ಟು ಹೊತ್ತಿಗೆ ದನಗಳೂ ಕಡಿಮೆಯಾಗಿದ್ದವು, ಕೂಲಿಯವರೂ ಸಿಗುತ್ತಿರಲಿಲ್ಲ. ಮುಂದಿನ ಬೆಳೆಗೆ ಗದ್ದೆ ಬೇಗ ತೆರವಾಗಬೇಕು. ಎಲ್ಲರೂ ಕಂಡುಕೊಂಡ ಸುಲಭದ ದಾರಿ ಬೆಂಕಿಕಡ್ಡಿ. ಭಾವನಂಥ ಆತುರಗಾರರಿಗೆ ಅದಕ್ಕಿಂತ ಒಳ್ಳೆಯ ದಾರಿ ಬೇಕೇ? ಗೀರು, ಎಸೆ, ಮನೆಗೆ ಬಾ.

ಆದರೆ ಅಕ್ಕನಿಗೆ ಉಬ್ಬಸ. ಕೊಯ್ಲು ಮುಗಿದು ಊರ ಸುತ್ತ ಹೊಗೆ ಏಳಲು ಶುರುವಾಯಿತೆಂದರೆ ಅವಳ ಎದೆ ಬಿಗಿದುಕೊಳ್ಳುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತಾ ಹೋಯಿತು. "ಔಷಧಿ ನಾನು ಕೊಡ್ತೀನಿ, ಹೊಗೆಯಿಂದ ದೂರ ಇಡೋದು ನಿಮ್ಮ ಕೆಲಸ" ಎಂದರು ಡಾಕ್ಟರು. ಅಂದಿನಿಂದ ಪ್ರತಿ ಕೊಯ್ಲಿಗೂ ಭಾವ ಅವಳನ್ನು ಒಂದು ಟ್ರಂಕಿನ ಜೊತೆ ನನ್ನ ಮನೆಗೆ ತಂದು ಬಿಡುತ್ತಿದ್ದರು. ಅಂಗಡಿಯ ಹಿಂದಿನ ಕೋಣೆ ಅವಳದು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕಿ, ಮಂಚದ ಮೇಲೆ ಕೂತು ನನ್ನ ಗಿರಾಕಿಗಳ ರವಿಕೆಗಳಿಗೆ ಕೊಕ್ಕೆ ಹಾಕಿಕೊಡುತ್ತಿದ್ದಳು. ತನ್ನ ಮನೆ, ತನ್ನ ಹಿತ್ತಿಲು, ತನ್ನ ಬಾವಿಕಟ್ಟೆ ಎಂದು ಹಲುಬುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲಲ್ಲ. ಮನೆಯ ಯಜಮಾನಿಯನ್ನು ಮನೆಯಿಂದ ಹೊರಗೆ ಹಾಕುವ ಆ ಹೊಗೆಯ ಮೇಲೆ.

ಭಾವ ಸಂಜೆ ಅವಳನ್ನು ನೋಡಲು ಬರುತ್ತಿದ್ದರು. ಒಳಗೆ ಬರುವ ಮುಂಚೆ ಅಂಗಳದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಹೊಗೆ ಹಿಡಿದ ಅಂಗಿಯನ್ನು ಹೊರಗೇ ಕಳಚಿಟ್ಟು, ನಮ್ಮ ಯಜಮಾನರ ಅಂಗಿ ತೊಟ್ಟುಕೊಳ್ಳುತ್ತಿದ್ದರು. ಅದು ಹೊಟ್ಟೆಯ ಹತ್ತಿರ ಬಿಗಿಯಾಗಿ, ಗುಂಡಿಗಳು ಈಗಲೋ ಆಗಲೋ ಅನ್ನುತ್ತಿದ್ದವು. ಒಂದು ಸಂಜೆ ಇಷ್ಟೆಲ್ಲ ಮಾಡಿ ಪಕ್ಕದಲ್ಲಿ ಕೂತರೂ ಅಕ್ಕನಿಗೆ ಕೆಮ್ಮು ಹತ್ತಿಕೊಂಡಿತು. ಹೊಗೆ ಅವರ ತಲೆಗೂದಲಲ್ಲಿ ಕೂತಿತ್ತು. ಭಾವ ಎದ್ದು ಹೊರಗೆ ಹೋದರು. ಮರುದಿನ ತಲೆ ಬೋಳಿಸಿಕೊಂಡು ಬಂದರು!

"ಅಯ್ಯೋ, ಇದೇನ್ರೀ ಅವತಾರ?" ಎಂದು ಅಕ್ಕ ನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ನಕ್ಕಳು.

"ಈಗ ವಾಸನೆ ಇಲ್ವಲ್ಲ?" ಎಂದರು ಭಾವ.

"ಭಾವ, ಕೂದಲು ತೆಗೆಸೋ ಬದಲು ಬೆಂಕಿ ಹಚ್ಚೋದು ಬಿಡಬಹುದಿತ್ತಲ್ಲ?" ಎಂದೆ ನಾನು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಭಾವ ಬೋಳು ತಲೆ ಸವರಿಕೊಂಡರು. ಆ ವರ್ಷವೇ ರೈತರ ಸಂಘದವರು ಹಂಚಿಕೊಂಡು ಬಳಸಲೆಂದು ಒಂದು ಬೇಲರ್ ತರಿಸಿದಾಗ, ಅದನ್ನು ಓಡಿಸಲು ಯಾರೂ ಮುಂದೆ ಬರದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಭಾವ ಎದ್ದು ನಿಂತು ಕೀಲಿ ಇಸಿದುಕೊಂಡರು.

ಬೇಲರ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಹೋಗುವ ಯಂತ್ರ. ಅದರ ಕಂಬಿಯ ಹಲ್ಲುಗಳು ಸಾಲಿನಲ್ಲಿ ಬಿದ್ದ ಹುಲ್ಲನ್ನು ಬಾಚಿ ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹುಲ್ಲು ಚಾಪೆ ಸುತ್ತಿದಂತೆ ಸುತ್ತಿಕೊಂಡು ಬಿಗಿಯಾಗುತ್ತದೆ. ತುಂಬಿದಾಗ ಗಂಟೆ ಬಾರಿಸುತ್ತದೆ. ಗಾಡಿ ನಿಲ್ಲಿಸಿದರೆ ಸುತ್ತಲೂ ದಾರ ಬಿಗಿದು, ಹಿಂಬಾಗಿಲು ತೆರೆದು, ದಿಂಡಿನಂಥ ರೋಲನ್ನು ದೊಪ್ಪನೆ ನೆಲಕ್ಕೆ ಹಾಕುತ್ತದೆ. ಹೈನು ಸಾಕಿದವರು ಮೇವಿಗೆ ಒಯ್ಯುತ್ತಾರೆ. ಉಳಿದದ್ದು ಪೆಲೆಟ್ ಕಾರ್ಖಾನೆಗೆ. ಅಲ್ಲಿ ಹುಲ್ಲನ್ನು ಪುಡಿ ಮಾಡಿ, ಒತ್ತಿ, ಬೆರಳುಗಾತ್ರದ ತುಂಡುಗಳನ್ನಾಗಿ ಮಾಡಿ ಬಾಯ್ಲರುಗಳಿಗೆ ಉರುವಲಾಗಿ ಕಳಿಸುತ್ತಾರೆ. ಗದ್ದೆಯಲ್ಲಿ ಉಳಿಯುವ ಕೂಳೆಯನ್ನು ಉತ್ತು ಮಣ್ಣಿಗೆ ಸೇರಿಸಿದರಾಯಿತು.

"ಅಲ್ಲೂ ಸುಡೋದೇ ತಾನೇ?" ಎಂದು ಅಕ್ಕ ಒಮ್ಮೆ ಕೇಳಿದಳು.

"ಅಲ್ಲಿ ಮುಚ್ಚಿದ ಕುಲುಮೆಯಲ್ಲಿ ಚೆನ್ನಾಗಿ ಉರಿಯುತ್ತೆ ಕಣೇ. ಕಲ್ಲಿದ್ದಲಿನ ಬದಲಿಗೆ ಹಾಕ್ತಾರೆ. ಇಲ್ಲಿ ನಾವು ಯಾರಿಗೂ ಉಪಯೋಗ ಇಲ್ದೆ ನಿನ್ನ ಮೂಗಿಗೆ ಸುಡ್ತಿದ್ವಿ" ಎಂದರು ಭಾವ.

ಒಂದೊಂದೇ ಗದ್ದೆ ಬೆಂಕಿಕಡ್ಡಿ ಬಿಟ್ಟಿತು. ಭಾವ ಬಾಯಿಮಾತಿನಲ್ಲಿ ಯಾರಿಗೂ ಬುದ್ಧಿ ಹೇಳಿದವರಲ್ಲ. ಯಂತ್ರ ತಂದು ಬದುವಿನ ಹತ್ತಿರ ನಿಲ್ಲಿಸಿ, "ಹುಲ್ಲು ನನಗೆ ಕೊಟ್ಬಿಡಿ, ಬೇಗ ಮುಗಿಸ್ಕೊಡ್ತೀನಿ" ಎನ್ನುತ್ತಿದ್ದರು. ಕೊನೆಗೆ ಉಳಿದವರು ಒಬ್ಬರೇ, ಮೀಸೆ ಮಾಮ. ಭಾವನ ಬಾಲ್ಯದ ಗೆಳೆಯ, ಪಕ್ಕದ ಮನೆಯವರು. ಅವರ ಮೀಸೆಯನ್ನು ನೋಡಿದರೆ ಮುಖಕ್ಕೆ ಮೀಸೆಯೋ ಮೀಸೆಗೆ ಮುಖವೋ ಎಂಬ ಅನುಮಾನ ಬರುತ್ತಿತ್ತು. ಅವರ ಎರಡು ಗದ್ದೆಗಳೂ ಭಾವನ ಮನೆಗೆ ಹೊಂದಿಕೊಂಡಿದ್ದವು. ಕೆಳಗಿನ ಗದ್ದೆಯಂತೂ ಅಕ್ಕನ ಕೋಣೆಯ ಕಿಟಕಿಯ ಕೆಳಗೇ. ಊರೆಲ್ಲ ಸುಡುವುದನ್ನು ಬಿಟ್ಟರೂ ಆ ಒಂದು ಗದ್ದೆ ಉರಿದರೆ ಅಕ್ಕ ಟ್ರಂಕು ತುಂಬಲೇಬೇಕಿತ್ತು.

ಹೋದ ವರ್ಷ ಕೊಯ್ಲು ಹತ್ತಿರ ಬಂದಾಗ ಅಕ್ಕ ಟ್ರಂಕನ್ನು ಅಟ್ಟದಿಂದ ಇಳಿಸಲು ಬಿಡಲಿಲ್ಲ. "ಈ ಸಲ ನಾನು ಎಲ್ಲಿಗೂ ಹೋಗಲ್ಲ. ನನ್ನ ಮನೇಲಿ ನಾನಿರ್ತೀನಿ. ಏನಾಗುತ್ತೋ ಆಗ್ಲಿ" ಎಂದು ಕೂತುಬಿಟ್ಟಳು. ಭಾವ ನೇರ ಮೀಸೆ ಮಾಮನ ಅಂಗಳಕ್ಕೆ ಹೋದರು. ಹಬ್ಬಿದ ಬದನೆ, ಟೊಮೇಟೊ ಸಾಲುಗಳ ನಡುವೆ ಅವರು ಕಳೆ ಕೀಳುತ್ತಿದ್ದರು.

"ಈ ಸಲ ಹುಲ್ಲು ನನಗೆ ಕೊಡು" ಎಂದರು ಭಾವ.

"ನಿನ್ನ ಯಂತ್ರ ಊರೆಲ್ಲ ಸುತ್ತಿ ನನ್ನ ಹತ್ರ ಬರೋ ಹೊತ್ತಿಗೆ ಕಾಲುವೆ ನೀರಿನ ಸರದಿ ಬಂದಿರುತ್ತೆ. ಸರದಿ ತಪ್ಪಿದ್ರೆ ನನ್ನ ಬಿತ್ತನೆ ಯಾರು ಮಾಡ್ತಾರೆ, ನಿಮ್ಮಪ್ಪಾನಾ?"

"ಸರದಿಗೆ ಮುಂಚೆ ಗದ್ದೆ ಬಿಟ್ಟುಕೊಡ್ತೀನಿ. ಮಾತು ಕೊಟ್ಟೆ."

"ಆಯ್ತು. ಸರದಿಯ ಹಿಂದಿನ ದಿನದವರೆಗೂ ಕಾಯ್ತೀನಿ. ಆಮೇಲೆ ನನ್ನ ಕೈ, ನನ್ನ ಕಡ್ಡಿಪೆಟ್ಟಿಗೆ."

ಮೇಲಿನ ಗದ್ದೆ ಮೊದಲು ಕಟಾವಾಯಿತು. ಅದರ ನೀರಿನ ಸರದಿ ಬೇಗ ಇತ್ತು. ಕಟಾವಾದ ಮೇಲೆ ಎರಡು ದಿನ ಮೋಡ. ರಾತ್ರಿ ಇಬ್ಬನಿ ಸುರಿಯುತ್ತಿತ್ತು, ಹಗಲು ಬಿಸಿಲಿರಲಿಲ್ಲ. ಗಡುವಿನ ದಿನ ಬೆಳಿಗ್ಗೆ ಮೀಸೆ ಮಾಮ ಬದುವಿನ ಮೇಲೆ ಬಂದು ಕೂತರು. ಹುಲ್ಲಿನ ಮೇಲ್ಪದರ ಒಣಗಿದಂತೆ ಕಾಣುತ್ತಿತ್ತು, ಅಡಿಯಲ್ಲಿ ಇನ್ನೂ ತೇವವಿತ್ತು. ಮಧ್ಯಾಹ್ನದವರೆಗೆ ಕಾದು, ಸಾಲುಗಳನ್ನು ಒಮ್ಮೆ ತಿರುವಿಹಾಕಿ, ಒಂದು ಹಿಡಿ ತಿರುಚಿ ನೋಡಿ ಕಟ್ಟಬೇಕಾದ ಹುಲ್ಲು ಅದು. ಭಾವನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರ ಗದ್ದೆಯಾಗಿದ್ದರೆ ಕಾಯುತ್ತಿದ್ದರೋ ಏನೋ. ಆದರೆ ಕಣ್ಣ ಮುಂದೆ ಕಡ್ಡಿಪೆಟ್ಟಿಗೆ, ಕಣ್ಣ ಹಿಂದೆ ಅಕ್ಕ. ಟ್ರ್ಯಾಕ್ಟರ್ ಹತ್ತಿದರು.

ರೋಲುಗಳು ದೊಪ್ಪದೊಪ್ಪನೆ ಬಿದ್ದವು. ಮೀಸೆ ಮಾಮ ಒಂದನ್ನು ಎತ್ತಲು ಹೋಗಿ ಮುಲುಗಿದರು. "ಏನಯ್ಯಾ ಇದು, ಇಷ್ಟು ಭಾರ! ನನ್ನ ಗದ್ದೆ ಹುಲ್ಲು ಅಂದ್ರೆ ಹುಲ್ಲು" ಎಂದು ಮೀಸೆ ತಿರುವಿದರು. ಭಾವನೂ ಹಿಗ್ಗಿದರು. ಆ ಭಾರ ನೀರಿನದೆಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಕಿರಲಿಲ್ಲ. ಮಳೆ ಬರುವಂತಿದ್ದುದರಿಂದ ರೋಲುಗಳನ್ನು ಹತ್ತಿರದ ಜಾಗಕ್ಕೆ, ಅಂದರೆ ಭಾವನ ಹಳೇ ಕೊಟ್ಟಿಗೆಗೆ ಸಾಗಿಸಿ, ಸೂರಿನ ತನಕ ಒತ್ತೊತ್ತಾಗಿ ಪೇರಿಸಿ, ಮೇಲೆ ಟಾರ್ಪಾಲು ಹೊದಿಸಿದರು. ಕೊಟ್ಟಿಗೆಯ ಗೋಡೆಯ ಈಚೆಗೆ ಅಕ್ಕನ ಕೋಣೆ.

ಮೀಸೆ ಮಾಮನ ಮೇಲಿನ ಗದ್ದೆಗೆ ನೀರು ಹಾಯಿತು. ಊರಿನಲ್ಲಿ ಎಲ್ಲೂ ಹೊಗೆಯಿಲ್ಲ. ಅಕ್ಕ ಫೋನು ಮಾಡಿ, "ಕಿಟಕಿ ತೆಗೆದಿದ್ದೀನಿ ಕಣೇ!" ಎಂದಳು. ಅಂಗಡಿಗೆ ಬೀಗ ಹಾಕಿಕೊಂಡು, ಆ ತೆರೆದ ಕಿಟಕಿಯನ್ನು ನೋಡಲೆಂದೇ ಮುಂದಿನ ವಾರ ಬಸ್ಸು ಹತ್ತಿದೆ.

ನಾನು ಹೋದಾಗ ಅಕ್ಕ ಮತ್ತೆ ಕೆಮ್ಮುತ್ತಿದ್ದಳು.

"ಹೊಗೆ ಎಲ್ಲಿದೆ? ಆಕಾಶ ತೊಳೆದಿಟ್ಟ ಹಾಗಿದೆ" ಎಂದೆ.

"ಹೊಗೆ ಅಲ್ವೇ. ಏನೋ ಒಂಥರಾ ವಾಸನೆ. ಸಕ್ಕರೆ ಪಾಕ ತಳ ಹಿಡಿದ ಹಾಗೆ. ನೆನ್ನೆಯಿಂದ ಬರ್ತಿದೆ."

ನನಗೆ ಮೊದಲು ಗೊತ್ತಾಗಲಿಲ್ಲ. ಗೋಡೆಯ ಹತ್ತಿರ ಹೋದಾಗ ಗೊತ್ತಾಯಿತು. ಸಿಹಿ ವಾಸನೆ, ಅದರ ಅಡಿಯಲ್ಲಿ ಹೊಗೆಸೊಪ್ಪಿನ ಘಾಟು. ಗೋಡೆಗೆ ಕೈಯಿಟ್ಟರೆ ಬೆಚ್ಚಗಿತ್ತು. ಭಾವ ಅಂಗಳದಲ್ಲಿ ಯಂತ್ರದ ಸರಪಳಿಗೆ ಎಣ್ಣೆ ಬಿಡುತ್ತಿದ್ದರು. ಕರೆದು ತೋರಿಸಿದೆ. ಗೋಡೆ ಮುಟ್ಟಿದವರೇ ಓಡಿಹೋಗಿ ಕೊಟ್ಟಿಗೆಯ ಬಾಗಿಲು ತೆರೆದರು.

ಹಸಿ ಹುಲ್ಲನ್ನು ಬಿಗಿದು ಒಟ್ಟಿದರೆ ಒಳಗೊಳಗೇ ಕೊಳೆತು ಕಾವೇರುತ್ತದೆ. ಕಾವು ಹೊರಹೋಗಲು ದಾರಿಯಿಲ್ಲದೆ ಏರುತ್ತಲೇ ಹೋಗಿ, ಕೊನೆಗೆ ಯಾರೂ ಕಡ್ಡಿ ಗೀರದಿದ್ದರೂ ತಾನೇ ಹೊತ್ತಿಕೊಳ್ಳಬಹುದು. ಭಾವ ಉದ್ದನೆಯ ಕಬ್ಬಿಣದ ಸರಳನ್ನು ತಂದು ರೋಲುಗಳ ಸಂದಿಯಲ್ಲಿ ಆಳಕ್ಕೆ ತೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಎಳೆದು ತುದಿ ಮುಟ್ಟಿದವರು ತಟ್ಟನೆ ಕೈ ಬಿಟ್ಟರು. ಸರಳು ನೆಲಕ್ಕೆ ಬಿದ್ದು ಠಣ್ಣೆಂದಿತು.

"ಮೆಣಸಿನಕಾಯಿ, ಅಕ್ಕನ್ನ ಕರ್ಕೊಂಡು ಮೀಸೆ ಮನೆಗೆ ಹೋಗು. ಈಗ್ಲೇ. ನಿಂತ್ಕೋಬೇಡ."

ಅವರು ಅಗ್ನಿಶಾಮಕ ದಳಕ್ಕೆ ಫೋನು ಮಾಡುತ್ತಿದ್ದುದು ಕಿವಿಗೆ ಬಿತ್ತು. ಕೊಟ್ಟಿಗೆಯ ಬಾಗಿಲು ತೆರೆದಿದ್ದರಿಂದ ಬೂಷ್ಟು ಹಿಡಿದ ಹುಲ್ಲಿನ ಧೂಳು ಅಂಗಳಕ್ಕೆ ಬಂದಿತ್ತು. ಅದನ್ನು ದಾಟುವಷ್ಟರಲ್ಲಿ ಅಕ್ಕನ ಎದೆ ಕಟ್ಟಿತು. ಮೀಸೆ ಮಾಮನ ಬಾಗಿಲು ತಲುಪುವ ಹೊತ್ತಿಗೆ ಅವಳು ಚೌಕಟ್ಟು ಹಿಡಿದು ಬಾಗಿ ನಿಂತಿದ್ದಳು. ಒಂದೊಂದು ಉಸಿರಿಗೂ ಹೆಗಲು ಕಿವಿಯ ತನಕ ಏರುತ್ತಿತ್ತು, ಕುತ್ತಿಗೆಯ ನರಗಳು ಹುರಿಗಟ್ಟಿದ್ದವು, ಎದೆಯಿಂದ ಸಿಳ್ಳಿನಂಥ ಸದ್ದು. ನಾನು ಅವಳ ಇನ್ಹೇಲರನ್ನು ಬಾಯಿಗಿಟ್ಟು ಒತ್ತಿದೆ, ಮತ್ತೆ ಒತ್ತಿದೆ.

ಮೀಸೆ ಮಾಮ ಕುರ್ಚಿ ತಂದು ಹಾಕಿ, ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತೇ ಇದ್ದರು.

"ಏನಮ್ಮಾ ಇದು? ಏನಾಗ್ತಿದೆ ಇವಳಿಗೆ?"

"ಪ್ರತಿ ವರ್ಷ ಆಗೋದೇ, ಮಾಮ" ಎಂದೆ.

ಪ್ರತಿ ವರ್ಷ ಮೀಸೆ ಮಾಮ ಕಡ್ಡಿ ಗೀರುವ ಮುಂಚೆಯೇ ಭಾವ ಅಕ್ಕನನ್ನು ಪೇಟೆಗೆ ಸಾಗಿಸಿಬಿಡುತ್ತಿದ್ದರು. ಪಕ್ಕದ ಮನೆಯಲ್ಲೇ ಇದ್ದ ಆ ಮನುಷ್ಯ ಇದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅಕ್ಕನಿಗೇನೋ ಸ್ವಲ್ಪ ಕೆಮ್ಮು, ತಂಗಿಯ ಮನೆಯಲ್ಲಿ ಆರಾಮಾಗಿ ಇದ್ದು ಬರುತ್ತಾಳೆ ಎಂದುಕೊಂಡಿದ್ದರು. ಅವಳ ಉಸಿರು ಸ್ವಲ್ಪ ಸಡಿಲವಾದ ಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು, ತಮ್ಮ ನೀರಿನ ಪಂಪು ಎಳೆದುಕೊಂಡು ಕೊಟ್ಟಿಗೆಯ ಕಡೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡುವುದನ್ನು ನೋಡುತ್ತೇನೆಂದು ನಾನು ಅಂದುಕೊಂಡಿರಲಿಲ್ಲ.

ಅಗ್ನಿಶಾಮಕದವರು ಅವಸರ ಮಾಡಲು ಬಿಡಲಿಲ್ಲ. ಒಮ್ಮೆಲೇ ಬಿಚ್ಚಿದರೆ ಒಳಗೆ ಗಾಳಿ ನುಗ್ಗಿ ಭಗ್ಗೆನ್ನಬಹುದೆಂದು ಎಚ್ಚರಿಸಿ, ನೀರಿನ ಕೊಳವೆ ಸಿದ್ಧವಿಟ್ಟುಕೊಂಡು, ಹೊರಗಿನ ರೋಲುಗಳಿಂದ ಒಂದೊಂದನ್ನೇ ತೆಗೆಸಿ ಬಯಲಿಗೆ ಉರುಳಿಸಿ ತೋಯಿಸಿದರು. ಮಧ್ಯದ ರೋಲುಗಳು ಹೊಗೆಸೊಪ್ಪಿನಂತೆ ಕಂದಾಗಿ ಬುಸುಬುಸು ಆವಿ ಬಿಟ್ಟವು. ಉರಿ ಏಳಲಿಲ್ಲ. ಸೂರು ಉಳಿಯಿತು, ಗೋಡೆ ಉಳಿಯಿತು, ಅಕ್ಕನ ಕೋಣೆ ಉಳಿಯಿತು.

ಉಳಿಯದೆ ಹೋದದ್ದು ಭಾವನ ಧೈರ್ಯ. ನಾನು ಅಕ್ಕನನ್ನು ಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಅದೇ ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಸಂಜೆ ಭಾವ ಬಂದವರು ಬಾಗಿಲಲ್ಲೇ ನಿಂತರು. "ಬೇರೆಯವರ ಬೆಂಕಿಯಿಂದ ಇವಳನ್ನ ಕಾಯ್ತೀನಿ ಅಂತ ಹೊರಟೆ. ನಾನೇ ಬೆಂಕಿ ತಂದು ಇವಳ ತಲೆದಿಂಬಿನ ಹತ್ರ ಇಟ್ಟೆ" ಎಂದರು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಮಾತು ಇದ್ದವು. ಆ ಮುಖ ನೋಡಿ ಎಲ್ಲವನ್ನೂ ನುಂಗಿಕೊಂಡೆ. ನನ್ನ ಜನ್ಮದಲ್ಲಿ ಅಂಥದ್ದು ಅಪರೂಪ.

ಮೀಸೆ ಮಾಮನ ಕೆಳಗಿನ ಗದ್ದೆಯೂ ಅಷ್ಟರಲ್ಲಿ ಕಟಾವಾಗಿತ್ತು. ಹುಲ್ಲು ಸಾಲುಸಾಲಾಗಿ ಬಿದ್ದಿತ್ತು, ಅದರ ನೀರಿನ ಸರದಿಯೂ ಹತ್ತಿರ ಬಂದಿತ್ತು. ಭಾವ ಮರುದಿನ ಅವರ ಹತ್ತಿರ ಹೋಗಿ ಸೋತ ದನಿಯಲ್ಲಿ ಹೇಳಿದರಂತೆ, "ಹಚ್ಚಿಬಿಡಯ್ಯಾ. ಅವಳು ಹೇಗೂ ಪೇಟೇಲಿದ್ದಾಳೆ. ಈ ಹುಲ್ಲು ಒಣಗೋವರೆಗೂ ನಿನ್ನ ಸರದಿ ಕಾಯಲ್ಲ. ಹಸಿ ಹುಲ್ಲನ್ನ ನಾನು ಇನ್ನು ಮುಟ್ಟಲ್ಲ."

"ಸರದಿ ಆಗ್ಲೇ ಬದಲಾಯಿಸ್ಕೊಂಡೆ" ಎಂದರಂತೆ ಮೀಸೆ ಮಾಮ. "ಕಾಲುವೆ ಕೊನೆಯವನಿಗೆ ನನ್ನದು ಕೊಟ್ಟೆ, ಅವನದು ನಾನು ತಗೊಂಡೆ. ನನ್ನ ಬಿತ್ತನೆ ತಡವಾಗುತ್ತೆ, ಆಗ್ಲಿ. ಒಣಗೋವರೆಗೂ ಬಿದ್ದಿರಲಿ ಹುಲ್ಲು."

"ನೀನಾ ಕಾಯೋದು?"

"ನನಗೆ ಏನು ಗೊತ್ತಿತ್ತೋ! ನೀನಾದ್ರೂ ಒಂದು ದಿನ ನನ್ನನ್ನ ಕರೆದು, ನೋಡು ಇವಳನ್ನ ಅಂತ ತೋರಿಸಬಾರದಾಗಿತ್ತಾ?" ಎಂದು ಅವರು ಭಾವನ ಮೇಲೆಯೇ ರೇಗಿದರಂತೆ. ಆಮೇಲೆ ಅವರೇ ಮುಂದುವರಿಸಿದರಂತೆ, "ಮತ್ತೆ ಆ ಕೆಟ್ಟ ರೋಲುಗಳು ನನಗೆ ಬೇಕು. ಯಾರಿಗೂ ಕೊಡಬೇಡ."

ಯಾರಿಗೆ ಕೊಡುವುದು? ಬೂಷ್ಟು ಹಿಡಿದ ಹುಲ್ಲನ್ನು ದನಕ್ಕೆ ಹಾಕುವಂತಿಲ್ಲ. ಪೆಲೆಟ್ ಕಾರ್ಖಾನೆಯ ಲಾರಿಯವನು ಒಂದನ್ನು ಹಿಸುಕಿ ನೋಡಿ, "ಒದ್ದೆ ಮಾಲು ಬೇಡ ಸಾರ್" ಎಂದು ಖಾಲಿ ಲಾರಿ ತಿರುಗಿಸಿಕೊಂಡು ಹೋಗಿದ್ದ. ಕಾವೆಲ್ಲ ಆರಿದ ಮೇಲೆ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಧೂಳೇಳದಂತೆ ನೀರು ಚಿಮುಕಿಸಿ, ರೋಲುಗಳ ದಾರ ಕತ್ತರಿಸಿ, ಬದನೆ, ಟೊಮೇಟೊ ಸಾಲುಗಳ ನಡುವೆ ಉರುಳಿಸಿಕೊಂಡು ಹೋದರು. ಹುಲ್ಲು ಮಣ್ಣಿನ ಮೇಲೆ ದಪ್ಪನೆಯ ಹೊದಿಕೆಯಾಗಿ ಬಿಚ್ಚಿಕೊಂಡಿತು. ಗಿಡದ ಬುಡ ಮಾತ್ರ ಬಿಟ್ಟು ಉಳಿದೆಡೆ ಹರಡಿದರು. ಹೊದಿಕೆಯಡಿ ಮಣ್ಣು ಬೇಗ ಒಣಗುವುದಿಲ್ಲ, ಕಳೆಗೆ ಬಿಸಿಲು ಸಿಗುವುದಿಲ್ಲ, ಹುಲ್ಲು ಮೆಲ್ಲಗೆ ಕರಗಿ ಗೊಬ್ಬರವಾಗುತ್ತದೆ. ಕಳೆ ಕಿತ್ತು ಕಿತ್ತು ಸೊಂಟ ಬಿದ್ದುಹೋಗಿದ್ದ ಮೀಸೆ ಮಾಮನಿಗೆ ಅದು ಎಷ್ಟು ಹಿಡಿಸಿತೆಂದರೆ, ಮುಂದಿನ ವರ್ಷ ಒಳ್ಳೆ ಹುಲ್ಲಿನಲ್ಲೂ ಒಂದಷ್ಟು ತನಗೇ ಇರಲಿ ಎಂದು ಆಗಲೇ ಹೇಳಿಟ್ಟರು.

ಅಕ್ಕನ ಎದೆ ತಿಳಿಯಾದ ಮೇಲೆ, ಡಾಕ್ಟರನ್ನು ಕೇಳಿಕೊಂಡೇ, ನಾನು ಅವಳನ್ನು ಮನೆಗೆ ಕರೆತಂದೆ. ಕೆಳಗಿನ ಗದ್ದೆಯ ಹುಲ್ಲು ಇನ್ನೂ ಬಿದ್ದಿತ್ತು. ಬಿಸಿಲು ಚೆನ್ನಾಗಿತ್ತು. ಟ್ರ್ಯಾಕ್ಟರು, ಅದರ ಹಿಂದೆ ಬೇಲರು, ಬದುವಿನ ಮೇಲೆ ಮೀಸೆ ಮಾಮ. ಭಾವ ಸಾಲಿನ ಪಕ್ಕ ಅತ್ತಿಂದಿತ್ತ ಶತಪಥ ತಿರುಗುತ್ತಿದ್ದರು. ಅಕ್ಕ ಮನೆಯೊಳಗೂ ಹೋಗದೆ ಸೀದಾ ಗದ್ದೆಗೆ ಇಳಿದಳು. ಕೊಯ್ಲು ಮುಗಿದ ಆ ಗದ್ದೆಯನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ಸಾಲಿನ ಅಡಿಗೆ ಕೈಹಾಕಿ ಒಂದು ಹಿಡಿ ಎಳೆದು ತಿರುಚಿದಳು. ಹುಲ್ಲು ಮುರಿಯಲಿಲ್ಲ, ಬಾಗಿತು.

"ಇನ್ನೂ ಆಗಿಲ್ಲ" ಎಂದಳು.

"ಮೇಲೆಲ್ಲ ಒಣಗಿದೆಯಲ್ಲೇ" ಎಂದು ಭಾವ ಒಂದು ಕಾಲನ್ನು ಟ್ರ್ಯಾಕ್ಟರಿನ ಮೆಟ್ಟಿಲ ಮೇಲಿಟ್ಟರು. ಅಷ್ಟೇ ಸಾಕಾಯಿತು.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇಳೀರಿ ಕೆಳಗೆ, ಇಳೀರಿ ಅಂದೆ, ಮದುವೆ ಮಾತಿಗೆ ಬಂದಾಗಲೂ ಹೀಗೇ, ಹಾಲು ಕಾಯೋಕೆ ಬಿಡಲ್ಲ, ಬಸ್ಸು ಬರೋಕೆ ಬಿಡಲ್ಲ, ಹುಲ್ಲು ಒಣಗೋಕೂ ಬಿಡಲ್ಲ ಅಂದ್ರೆ ಏನ್ರೀ ಅರ್ಥ, ನಿಮ್ಮ ಆತುರಕ್ಕೆ ನನ್ನ ಕೊಟ್ಟಿಗೆ ಹೋಗ್ತಿತ್ತು, ನಾನು ಹೋಗ್ತಿದ್ದೆ, ಪಾಪ ಆ ಮನುಷ್ಯ ನೀರಿನ ಸರದಿ ಬಿಟ್ಟುಕೊಟ್ಟು ಅಲ್ಲಿ ಕೂತಿದ್ದಾರೆ, ನಿಮಗೆ ಇನ್ನೊಂದು ಗಳಿಗೆ ಕೂತ್ಕೊಳ್ಳೋಕೆ ಏನು ಕಷ್ಟ, ಬನ್ನಿ, ಬಂದು ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ!"

ಭಾವ ಮೆಟ್ಟಿಲಿನಿಂದ ಇಳಿದು ಅವಳನ್ನೇ ನೋಡುತ್ತ ನಿಂತುಬಿಟ್ಟರು. ನನಗೂ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಕೊಯ್ಲಿನ ಕಾಲದಲ್ಲಿ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದವಳು, ಅಷ್ಟುದ್ದದ ಬೈಗುಳವನ್ನು ಎಲ್ಲಿಯೂ ತಡೆಯದೆ ಒಂದೇ ದಮ್ಮಿನಲ್ಲಿ ಮುಗಿಸಿದ್ದಳು.

ಭಾವನ ಕಣ್ಣುಗಳು ತುಂಬಿ ಬಂದವು. ಹೋಗಿ ಬದುವಿನ ಮೇಲೆ ಅವಳ ಪಕ್ಕದಲ್ಲಿ ಕೂತರು. ಮೀಸೆ ಮಾಮ ಬೇಕೆಂದೇ ಬೇರೆ ಕಡೆ ನೋಡಿದರು.

"ಇನ್ನೊಂದು ಸಲ ಬೈಯೇ" ಎಂದರು ಭಾವ.